ಕನಸು ನಿಜವಾಯಿತು ಅನ್ನಿಸುವುದು ಏಕೆ?

"ನಾನು ಕನಸಿನಲ್ಲಿ ಕಂಡಿದ್ದೆ, ಹಾಗೇ ಆಯಿತು" ಎಂದು ಹೇಳುವವರು ನಮ್ಮ ಪ್ರತಿಯೊಬ್ಬರ ಮನೆಯಲ್ಲೂ ಇದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ. ಕನಸು ಬಿದ್ದದ್ದೂ ನಿಜ, ಘಟನೆ ನಡೆದದ್ದೂ ನಿಜ. ಮೊದಲನೆಯದು ಎರಡನೆಯದನ್ನು ಮುಂಚೆಯೇ ತಿಳಿಸಿತೇ ಎಂಬುದಷ್ಟೇ ಪ್ರಶ್ನೆ. "ಅದೆಲ್ಲ ಕಾಕತಾಳೀಯ" ಎಂದು ಯಾರಾದರೂ ಒಂದೇ ಮಾತಿನಲ್ಲಿ ತಳ್ಳಿಹಾಕಿದರೆ ನಮಗೆ ಸಮಾಧಾನವಾಗುವುದಿಲ್ಲ. ಆ ಮಾತು ಎಷ್ಟು ಗಟ್ಟಿ ಎಂದು ಲೆಕ್ಕ ಹಾಕಿ ನೋಡೋಣ.

ಮೊದಲಿಗೆ ಒಂದು ಮಾತು. ಯೂಸುಫ್ ಅಲೈಹಿಸ್ಸಲಾಂ ಅವರ ಕನಸಿನ ಕಥೆ ನಮಗೆಲ್ಲ ಗೊತ್ತು. ಕನಸುಗಳು ಮೂರು ಬಗೆ ಎಂದೂ, ಅವುಗಳಲ್ಲಿ ಒಂದು ಬಗೆ ಮನುಷ್ಯನ ಮನಸ್ಸು ತನ್ನೊಂದಿಗೆ ತಾನೇ ಆಡಿಕೊಳ್ಳುವ ಮಾತು ಎಂದೂ ಹದೀಸ್‌ನಲ್ಲಿ ಇದೆ. ನಾನು ಬರೆಯುತ್ತಿರುವುದು ಆ ಬಗೆಯ ಕನಸಿನ ಬಗ್ಗೆ.

ಈಗ ಲೆಕ್ಕ. 2011ರ ಜನಗಣತಿಯಂತೆ ಹಾವೇರಿ ಜಿಲ್ಲೆಯ ಜನಸಂಖ್ಯೆ ಸುಮಾರು 16 ಲಕ್ಷ. ವರ್ಷಕ್ಕೆ ಸಾವಿರಕ್ಕೆ 7 ಜನ ತೀರಿಕೊಳ್ಳುತ್ತಾರೆ ಎಂದು ಇಟ್ಟುಕೊಂಡರೆ ಒಟ್ಟು 11,200 ಸಾವು. ತೀರಿಕೊಂಡ ಪ್ರತಿಯೊಬ್ಬರಿಗೂ ಹತ್ತು ಜನ ಹತ್ತಿರದವರು ಇದ್ದರೆ 1,12,000 ಜನ ದುಃಖದಲ್ಲಿರುತ್ತಾರೆ. ಇವರಲ್ಲಿ ಒಬ್ಬೊಬ್ಬರಿಗೂ, ಆ ವ್ಯಕ್ತಿ ಸತ್ತಂತೆ ಹತ್ತು ವರ್ಷಕ್ಕೆ ಒಂದೇ ಒಂದು ಸಲ ಕನಸು ಬೀಳುತ್ತದೆ ಎಂದುಕೊಳ್ಳಿ. ಹತ್ತು ವರ್ಷಕ್ಕೆ 3,650 ರಾತ್ರಿಗಳು. ಆ ಒಂದು ಕನಸು ಸಾವಿನ ಹಿಂದಿನ ರಾತ್ರಿಯೇ ಬೀಳುವ ಸಂಭವ 3,650ರಲ್ಲಿ ಒಂದು. 1,12,000ವನ್ನು 3,650ರಿಂದ ಭಾಗಿಸಿದರೆ ಸುಮಾರು 30 ಬರುತ್ತದೆ.

ಅಂದರೆ ಕನಸಿಗೆ ಯಾವ ಶಕ್ತಿಯೂ ಇಲ್ಲದಿದ್ದರೂ, ನಮ್ಮ ಒಂದೇ ಜಿಲ್ಲೆಯಲ್ಲಿ ಪ್ರತಿ ವರ್ಷ ಸುಮಾರು 30 ಜನರಿಗೆ ಹಿಂದಿನ ರಾತ್ರಿಯೇ ಆ ಸಾವಿನ ಕನಸು ಬಿದ್ದಿರುತ್ತದೆ. ಸಾವಿರಕ್ಕೆ 7, ಹತ್ತು ಜನ, ಹತ್ತು ವರ್ಷ ಇವು ಲೆಕ್ಕಕ್ಕಾಗಿ ನಾನು ಇಟ್ಟುಕೊಂಡ ಅಂಕಿಗಳು. ನೀವು ಬೇರೆ ಅಂಕಿ ಹಾಕಬಹುದು. ಇಪ್ಪತ್ತು ವರ್ಷಕ್ಕೊಂದು ಕನಸು ಎಂದರೆ ಉತ್ತರ 15 ಆಗುತ್ತದೆ, ಸೊನ್ನೆಯಂತೂ ಆಗುವುದಿಲ್ಲ. ಆ ಮೂವತ್ತು ಜನರಲ್ಲಿ ಒಬ್ಬರು ರಾಣೆಬೆನ್ನೂರಿನಲ್ಲಿ, ಇನ್ನೊಬ್ಬರು ಬ್ಯಾಡಗಿಯಲ್ಲಿ ಇರಬಹುದು. ಒಬ್ಬರಿಗೊಬ್ಬರು ಪರಿಚಯವಿಲ್ಲ. ಪ್ರತಿಯೊಬ್ಬರಿಗೂ ಇದು ತಮಗೆ ಮಾತ್ರ ಆದದ್ದು ಅನ್ನಿಸುತ್ತದೆ. ಉಳಿದ ಒಂದು ಲಕ್ಷಕ್ಕೂ ಹೆಚ್ಚು ಜನರಿಗೆ ಯಾವ ಕನಸೂ ಬಿದ್ದಿಲ್ಲ. ಆದರೆ "ನನಗೆ ಕನಸು ಬೀಳಲಿಲ್ಲ" ಎಂದು ಯಾರೂ ಮೂರನೇ ದಿನದ ಜಿಯಾರತ್‌ನಲ್ಲಿ ಕುಳಿತು ಹೇಳುವುದಿಲ್ಲ.

ಕಾಮರ್ಸ್ ಓದುವವರಿಗೆ ಇದು ಬೇಗ ಅರ್ಥವಾಗುತ್ತದೆ. ಒಬ್ಬ ವ್ಯಾಪಾರಿ ಲಾಭ ಬಂದ ದಿನ ಮಾತ್ರ ಖಾತೆ ಪುಸ್ತಕದಲ್ಲಿ ಬರೆದು, ನಷ್ಟದ ದಿನ ಪುಸ್ತಕ ತೆರೆಯದೇ ಇದ್ದರೆ, ವರ್ಷದ ಕೊನೆಗೆ ಅವನ ಪುಸ್ತಕದಲ್ಲಿ ಲಾಭವೇ ಇರುತ್ತದೆ. ನಮ್ಮ ನೆನಪು ಕನಸಿನ ಲೆಕ್ಕವನ್ನು ಹೀಗೆಯೇ ಬರೆಯುತ್ತದೆ. ಬೆಳಗ್ಗೆ ಎದ್ದು ಮುಖ ತೊಳೆಯುವಷ್ಟರಲ್ಲಿ ಹೆಚ್ಚಿನ ಕನಸುಗಳು ಮರೆತುಹೋಗುತ್ತವೆ. ಹಗಲಿನಲ್ಲಿ ಅದಕ್ಕೆ ಹೋಲುವ ಏನಾದರೂ ನಡೆದರೆ ಮಾತ್ರ "ಅರೆ, ಇದನ್ನು ರಾತ್ರಿ ಕಂಡಿದ್ದೆ" ಎಂದು ಆ ಒಂದು ಕನಸು ಮೇಲೆ ಬರುತ್ತದೆ. ಹೋಲದ ಕನಸನ್ನು ಎಬ್ಬಿಸುವವರು ಯಾರೂ ಇಲ್ಲ.

ಇದನ್ನು ಪರೀಕ್ಷೆ ಮಾಡಿಯೂ ನೋಡಿದ್ದಾರೆ. 1993ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸ್ಕಾಟ್ ಮೇಡಿ ಮತ್ತು ಥಾಮಸ್ ಗಿಲೋವಿಚ್ ಎಂಬ ಮನಶ್ಶಾಸ್ತ್ರಜ್ಞರು, ಕನಸು ಮುಂದಾಗುವುದನ್ನು ಹೇಳುತ್ತದೆಯೇ ಎಂಬ ಕುತೂಹಲವಿದ್ದ ಒಬ್ಬ ವಿದ್ಯಾರ್ಥಿಯದು ಎನ್ನಲಾದ ದಿನಚರಿಯನ್ನು ಜನರಿಗೆ ಓದಲು ಕೊಟ್ಟರು. ಅದರಲ್ಲಿ ನಿಜವಾದ ಕನಸುಗಳೂ ಇದ್ದವು, ಸುಳ್ಳಾದವೂ ಇದ್ದವು. ಆಮೇಲೆ ಏನು ನೆನಪಿದೆ ಎಂದು ಕೇಳಿದಾಗ, ಓದಿದವರಿಗೆ ನಿಜವಾದ ಕನಸುಗಳೇ ಹೆಚ್ಚು ನೆನಪಿದ್ದವು. ಗಮನಿಸಿ, ಅವು ಅವರ ಸ್ವಂತ ಕನಸುಗಳೂ ಅಲ್ಲ.

ಎಲ್ಲ ಕನಸುಗಳನ್ನೂ ಬರೆದಿಟ್ಟರೆ ಏನಾಗುತ್ತದೆ? ಇದಕ್ಕೆ ಹಳೆಯ ಉದಾಹರಣೆಯೊಂದಿದೆ. 1932ರ ಮಾರ್ಚ್ 1ರಂದು ಅಮೆರಿಕದ ಪ್ರಸಿದ್ಧ ವಿಮಾನ ಚಾಲಕ ಚಾರ್ಲ್ಸ್ ಲಿಂಡ್‌ಬರ್ಗ್ ಅವರ 20 ತಿಂಗಳ ಮಗುವನ್ನು ಯಾರೋ ಅಪಹರಿಸಿದರು. ಮಗು ಎಲ್ಲಿದೆ ಎಂದು ತಿಳಿಯುವ ಮೊದಲೇ ಹಾರ್ವರ್ಡ್‌ನ ಹೆನ್ರಿ ಮರ್ರೆ ಮತ್ತು ವೀಲರ್ ಎಂಬುವರು, ಈ ಬಗ್ಗೆ ಕನಸು ಬಿದ್ದವರು ಬರೆದು ಕಳಿಸಿ ಎಂದು ಪತ್ರಿಕೆಯ ಮೂಲಕ ಕೇಳಿಕೊಂಡರು. 1,300ಕ್ಕೂ ಹೆಚ್ಚು ಕನಸುಗಳು ಬಂದವು. ಮೇ 12ರಂದು ಮಗುವಿನ ಶವ ಮರಗಳ ನಡುವೆ, ಅರ್ಧ ಮಣ್ಣಿನಲ್ಲಿ ಸಿಕ್ಕಿತು. ಕನಸುಗಳನ್ನು ತೆಗೆದು ನೋಡಿದರೆ, ಮಗು ಸತ್ತಿದೆ ಎಂದಿದ್ದವು ಸುಮಾರು ಇಪ್ಪತ್ತರಲ್ಲಿ ಒಂದು. ಸತ್ತಿದೆ, ಹೂಳಲಾಗಿದೆ, ಮರಗಳ ನಡುವೆ ಇದೆ ಎಂಬ ಮೂರೂ ಸೇರಿದ್ದವು ಕೇವಲ 4. ಆ ನಾಲ್ಕು ಪತ್ರಗಳನ್ನು ಮಾತ್ರ ನಮಗೆ ತೋರಿಸಿದ್ದರೆ ಮೈ ಜುಮ್ಮೆನ್ನುತ್ತಿತ್ತು. ಉಳಿದವನ್ನೂ ಪಕ್ಕದಲ್ಲಿಟ್ಟರೆ ಆ ನಾಲ್ಕು ಊಹೆಗಳಂತೆ ಕಾಣುತ್ತವೆ.

ಇನ್ನೊಂದು ಕಾರಣ ನಮ್ಮ ಮನೆಯಲ್ಲೇ ನನಗೆ ತಿಳಿಯಿತು. ಬ್ಯಾಡಗಿಯಲ್ಲಿರುವ ನನ್ನ ಖಾಲಾಗೆ ಒಂದು ರಾತ್ರಿ ರಸ್ತೆಯಲ್ಲಿ ಯಾರೋ ಬಿದ್ದಿರುವ ಕನಸು ಬಿತ್ತು. ಎರಡು ದಿನದ ನಂತರ ಅವರ ದೇವರ್ ಹೆದ್ದಾರಿಯಲ್ಲಿ ಬೈಕ್ ಅಪಘಾತದಲ್ಲಿ ತೀರಿಕೊಂಡರು. "ನನಗೆ ತೋರಿಸಿದ್ದರು ಬೇಟಾ, ನಾನೇ ಅವನನ್ನು ತಡೆಯಲಿಲ್ಲ" ಎಂದು ಖಾಲಾ ತಿಂಗಳುಗಟ್ಟಲೆ ಅತ್ತರು. "ಇಂಥ ಕನಸು ಮೊದಲು ಬಿದ್ದಿತ್ತಾ ಖಾಲಾ?" ಎಂದು ನಾನು ಮೆಲ್ಲಗೆ ಕೇಳಿದೆ. ಖಾಲು ಲಾರಿ ಓಡಿಸುತ್ತಾರೆ. ಸೋಮವಾರ, ಗುರುವಾರ ಮೆಣಸಿನಕಾಯಿ ಮಾರುಕಟ್ಟೆ ಮುಗಿದ ಮೇಲೆ ಲೋಡ್ ಹಾಕಿಕೊಂಡು ರಾತ್ರಿಯೇ ಹೊರಡುತ್ತಾರೆ. "ಅವರು ಹೋದ ರಾತ್ರಿಯೆಲ್ಲ ಇಂಥದೇ ಕನಸು. ಬೆಳಗ್ಗೆ ಫೋನ್ ಬಂದ ಮೇಲೇ ನನಗೆ ಜೀವ ಬರೋದು" ಎಂದರು ಖಾಲಾ.

ಖಾಲಾಗೆ ರಸ್ತೆಯ ಕನಸು ಬೀಳುವುದಕ್ಕೆ ಕಾರಣ ರಸ್ತೆಯ ಭಯ. ಆ ಭಯಕ್ಕೆ ಕಾರಣ ಹೆದ್ದಾರಿ ನಿಜವಾಗಿಯೂ ಅಪಾಯದ್ದು ಎಂಬುದು. ಕನಸಿಗೂ ಅಪಘಾತಕ್ಕೂ ಬೇರು ಒಂದೇ. ಕಾಯಿಲೆಯಲ್ಲಿರುವ ದಾದಾ ಬಗ್ಗೆ, ರಿಸಲ್ಟ್ ಬಗ್ಗೆ ಬೀಳುವ ಕನಸುಗಳೂ ಹೀಗೆಯೇ. ಕನಸಿನಲ್ಲಿ ಬಿದ್ದವರ ಮುಖ ಖಾಲಾಗೆ ಕಂಡಿರಲಿಲ್ಲ. ಸುದ್ದಿ ಬಂದ ಮೇಲೆ ಆ ಮುಖ ಅವರ ದೇವರ್ ಮುಖವಾಯಿತು. ಬೈಕ್ ಕನಸಿನಲ್ಲಿ ಇರಲೇ ಇಲ್ಲ. ಹಾಗಾದರೆ ಅವರು ಯಾರನ್ನು, ಯಾವ ದಿನ, ಯಾವ ರಸ್ತೆಯಲ್ಲಿ ತಡೆಯಬೇಕಿತ್ತು? ಆ ಕನಸಿನಲ್ಲಿ ಅದು ಯಾವುದೂ ಇರಲಿಲ್ಲ. ಅವರು ಕೊರಗಲು ಕಾರಣವೇ ಇಲ್ಲ.

ಹೊಂದಿಕೆಯನ್ನು ಸುಲಭ ಮಾಡುವ ಹೇಳಿಕೆಗಳೂ ನಮ್ಮಲ್ಲಿವೆ. ಹಲ್ಲು ಬಿದ್ದಂತೆ ಕಂಡರೆ ಸಾವು, ಮದುವೆ ಕಂಡರೂ ಸಾವು ಎನ್ನುತ್ತಾರೆ. "ಎಷ್ಟು ದಿನದೊಳಗೆ? ಯಾರ ಮನೆಯಲ್ಲಿ?" ಎಂದು ಯಾರೂ ಹೇಳುವುದಿಲ್ಲ. ಅವಧಿ ಇಲ್ಲದ ಚೆಕ್ಕನ್ನು ಯಾವಾಗ ಬೇಕಾದರೂ ನಗದು ಮಾಡಿಕೊಂಡಂತೆ, ಮುಂದಿನ ತಿಂಗಳು ದೂರದ ನೆಂಟರು ತೀರಿಕೊಂಡರೂ ಆ ಕನಸು ನಿಜವಾಗಿಬಿಡುತ್ತದೆ.

ಇಷ್ಟು ಹೇಳಿದರೂ ನಂಬದವರು ತಾವೇ ನೋಡಬಹುದು. ತಲೆದಿಂಬಿನ ಪಕ್ಕ ಒಂದು ನೋಟ್‌ಬುಕ್ ಇಡಿ. ಎದ್ದ ಕೂಡಲೇ, ಮೊಬೈಲ್ ಮುಟ್ಟುವ ಮೊದಲು, ತಾರೀಖು ಹಾಕಿ ಕನಸನ್ನು ಬರೆಯಿರಿ. ಇದು ಏನನ್ನೋ ಹೇಳುತ್ತಿದೆ ಅನ್ನಿಸಿದರೆ ಯಾರಿಗೆ, ಏನು, ಎಷ್ಟು ದಿನದೊಳಗೆ ಎಂಬುದನ್ನೂ ಆಗಲೇ ಬರೆಯಿರಿ. ಆಮೇಲೆ ಒಂದು ಅಕ್ಷರವನ್ನೂ ತಿದ್ದಬೇಡಿ. ಮೂರು ತಿಂಗಳ ನಂತರ ನಿಜವಾದವನ್ನೂ ಆಗದವನ್ನೂ ಎರಡು ಕಾಲಂನಲ್ಲಿ ಎಣಿಸಿ. ಹಿಂದೆ ಎಂದೋ ಬಿದ್ದ ಒಂದು ಕನಸು ಏನಾಗಿತ್ತು ಎಂದು ಈ ಪುಸ್ತಕ ಹೇಳಲಾರದು, ಏಕೆಂದರೆ ಅದನ್ನು ಆಗ ಯಾರೂ ಬರೆದಿಟ್ಟಿರಲಿಲ್ಲ. ಇನ್ನು ಮುಂದೆ ಬೀಳುವ ಕನಸುಗಳ ಲೆಕ್ಕ ಮಾತ್ರ ಎರಡೂ ಕಡೆ ಪೂರ್ತಿ ಇರುತ್ತದೆ.