ಮೈಕ್ ಕೇಬಲ್ಲಿನ ಮೂರು ಪಿನ್ನುಗಳು

ಕಂಡೆನ್ಸರ್ ಮೈಕಿಗೆ ಹಾಕುವ ಎಕ್ಸ್‌ಎಲ್‌ಆರ್ ಕೇಬಲ್ಲಿನ ತುದಿಯೊಳಗೆ ಇಣುಕಿದರೆ ಮೂರು ಪಿನ್ನುಗಳು ಕಾಣುತ್ತವೆ. ಹೋಗಲು ಒಂದು, ಬರಲು ಒಂದು ಎಂದು ಎರಡು ತಂತಿ ಇದ್ದರೆ ಯಾವ ಸಿಗ್ನಲ್ಲಾದರೂ ಸಾಗುತ್ತದೆ. ಗಿಟಾರಿನ ಕೇಬಲ್ಲಿನಲ್ಲಿ ಇರುವುದೂ ಅಷ್ಟೇ. ಹಾಗಿದ್ದರೆ ಮೂರನೆಯದು ಏಕೆ? ಇದಕ್ಕೆ ಉತ್ತರ ಗೊತ್ತಿದ್ದರೆ ಅಂಗಡಿಯಲ್ಲಿ ಏನು ಕೊಳ್ಳಬಾರದು ಎಂಬುದೂ ಅರ್ಧ ಗೊತ್ತಾದಂತೆ.

ಮೈಕಿನಿಂದ ಹೊರಡುವ ಸಿಗ್ನಲ್ ತೀರಾ ಸಣ್ಣದು, ಕೆಲವು ಮಿಲಿವೋಲ್ಟ್ ಮಾತ್ರ. ಆದರೆ ಕೋಣೆಯ ಗೋಡೆಗಳಲ್ಲಿ 230 ವೋಲ್ಟ್‌ನ ವಯರಿಂಗ್ ಇದೆ, ಮೇಜಿನ ಮೇಲೆ ಮೊಬೈಲ್ ಇದೆ, ಮೇಲೆ ಫ್ಯಾನ್ ತಿರುಗುತ್ತಿದೆ. ಇವೆಲ್ಲದರ ವಿದ್ಯುತ್ ಗದ್ದಲ ಕೇಬಲ್ಲಿಗೂ ಅಂಟಿಕೊಳ್ಳುತ್ತದೆ. ಗಿಟಾರ್ ಕೇಬಲ್ಲಿನಲ್ಲಿ ಹೊರಗಿನ ಜಾಲರಿಯೇ ವಾಪಸಿನ ದಾರಿಯೂ ಆಗಿರುವುದರಿಂದ ಜಾಲರಿ ಹಿಡಿದ ಗದ್ದಲ ಸೀದಾ ಧ್ವನಿಯೊಳಗೆ ಬೆರೆಯುತ್ತದೆ. ಮೈಕ್ ಕೇಬಲ್ಲಿನಲ್ಲಿ ಜಾಲರಿ ಒಂದನೆಯ ಪಿನ್ನಿಗೆ ಹೋಗಿ ಬರೀ ಕಾವಲು ಕಾಯುತ್ತದೆ. ಧ್ವನಿ ಸಾಗುವುದು ಎರಡು ಮತ್ತು ಮೂರನೆಯ ಪಿನ್ನುಗಳಿಗೆ ಸೇರಿದ, ಒಂದಕ್ಕೊಂದು ಹೊಸೆದುಕೊಂಡ ಎರಡು ತಂತಿಗಳಲ್ಲಿ. ಎರಡೂ ಅಕ್ಕಪಕ್ಕದಲ್ಲೇ ಇರುವುದರಿಂದ ಗದ್ದಲ ಎರಡರ ಮೇಲೂ ಸಮನಾಗಿ ಬೀಳುತ್ತದೆ. ಇಂಟರ್‌ಫೇಸ್ ನೋಡುವುದು ಎರಡು ತಂತಿಗಳ ನಡುವಿನ ವ್ಯತ್ಯಾಸವನ್ನು ಮಾತ್ರ. ಒಂದೇ ದೋಣಿಯಲ್ಲಿ ಕುಳಿತ ಇಬ್ಬರು ಅಲೆಗೆ ಎಷ್ಟು ಏರಿಳಿದರೂ ಅವರಲ್ಲಿ ಯಾರು ಎತ್ತರ ಎಂಬ ಲೆಕ್ಕ ಬದಲಾಗುವುದಿಲ್ಲವಲ್ಲ, ಹಾಗೆ. ಇದೇ ಬ್ಯಾಲೆನ್ಸ್ಡ್ ಕೇಬಲ್.

ಎರಡು ತಂತಿಗಳಲ್ಲಿ ಧ್ವನಿ ಒಂದಕ್ಕೊಂದು ತಲೆಕೆಳಗಾಗಿ ಸಾಗುವುದರಿಂದಲೇ ಗದ್ದಲ ಅಳಿಯುತ್ತದೆ ಎಂದು ಎಲ್ಲೆಡೆ ಬರೆಯುತ್ತಾರೆ. ಅದು ಪೂರ್ತಿ ಸರಿಯಲ್ಲ. ಎಷ್ಟೋ ಒಳ್ಳೆಯ ಕಂಡೆನ್ಸರ್ ಮೈಕುಗಳು ಎರಡನೆಯ ಪಿನ್ನಿನಲ್ಲಿ ಮಾತ್ರ ಧ್ವನಿ ಕಳಿಸುತ್ತವೆ, ಮೂರನೆಯದು ಮೌನವಾಗಿರುತ್ತದೆ. ಆದರೂ ಗದ್ದಲ ಕಳೆದುಹೋಗುತ್ತದೆ, ಏಕೆಂದರೆ ಇಲ್ಲಿ ಬೇಕಾದ ಸಮತೋಲನ ತಂತಿಗಳದು. ಗದ್ದಲಕ್ಕೆ ಎರಡೂ ಒಂದೇ ಥರ ಕಂಡರೆ ಸಾಕು.

ಈ ಸಮತೋಲನ ಒಮ್ಮೆ ಕೈಗೆ ಸಿಕ್ಕಿದ ಮೇಲೆ ಎಂಜಿನಿಯರುಗಳು ಅದರಿಂದ ಇನ್ನೊಂದು ಕೆಲಸ ಮಾಡಿಸಿಕೊಂಡರು. ಕಂಡೆನ್ಸರ್ ಮೈಕಿನೊಳಗೆ ತೆಳುವಾದ ಪೊರೆಯೊಂದು ಲೋಹದ ತಟ್ಟೆಯ ಎದುರು ಅದುರುತ್ತದೆ. ಅದರಿಂದ ಹುಟ್ಟುವ ಸಿಗ್ನಲ್ ಎಷ್ಟು ದುರ್ಬಲವೆಂದರೆ ಕೇಬಲ್ಲಿನ ಒಂದೆರಡು ಮೀಟರ್ ದಾಟುವ ಶಕ್ತಿಯೂ ಅದಕ್ಕಿಲ್ಲ. ಮೈಕಿನೊಳಗೇ ಒಂದು ಪುಟ್ಟ ಆಂಪ್ಲಿಫೈಯರ್ ಬೇಕು, ಅದಕ್ಕೆ ಕರೆಂಟ್ ಬೇಕು. 1966ರಲ್ಲಿ ಜರ್ಮನಿಯ ನಾಯ್ಮನ್ ಕಂಪನಿ ನಾರ್ವೆಯ ಸರ್ಕಾರಿ ರೇಡಿಯೋಗೆ ಮೈಕುಗಳನ್ನು ತಯಾರಿಸುವಾಗ ಅಲ್ಲಿನ ಸ್ಟುಡಿಯೋಗಳಲ್ಲಿ ತುರ್ತು ದೀಪಗಳಿಗೆಂದು 48 ವೋಲ್ಟ್ ಸಿದ್ಧವಾಗಿತ್ತು. ಅದನ್ನೇ ಬಳಸಿಕೊಂಡರು. ಇಂದಿಗೂ ಇಂಟರ್‌ಫೇಸಿನ ಗುಂಡಿಯ ಮೇಲೆ 48 ಎಂದೇ ಇರುವುದಕ್ಕೆ ಆ ದೀಪಗಳು ಕಾರಣ.

ಆ 48 ವೋಲ್ಟ್ ಒಂದೇ ಅಳತೆಯ ಎರಡು ರೆಸಿಸ್ಟರುಗಳ ಮೂಲಕ ಎರಡು ಮತ್ತು ಮೂರನೆಯ ಪಿನ್ನುಗಳಿಗೆ ಸಮನಾಗಿ ಹೋಗಿ, ಒಂದನೆಯ ಪಿನ್ನಿನ ಮೂಲಕ ಮರಳುತ್ತದೆ. ಎರಡೂ ತಂತಿಗಳಲ್ಲಿ ಅಷ್ಟೇ ವೋಲ್ಟೇಜ್ ಇರುವುದರಿಂದ ವ್ಯತ್ಯಾಸ ಸೊನ್ನೆ. ಅದಕ್ಕೇ ಧ್ವನಿಗೆ ಅದು ಅಡ್ಡಬರುವುದಿಲ್ಲ, ಇದ್ದೂ ಇಲ್ಲದಂತಿರುವ ಕಾರಣ ಫ್ಯಾಂಟಮ್ ಎಂಬ ಹೆಸರು. ವೇದಿಕೆಯಲ್ಲಿ ಬಳಸುವ ಡೈನಮಿಕ್ ಮೈಕನ್ನು ಸರಿಯಾದ ಕೇಬಲ್ಲಿನಲ್ಲಿ ಹಾಕಿ 48 ವೋಲ್ಟ್ ಆನ್ ಆಗಿಬಿಟ್ಟರೂ ಮೈಕ್ ಸುಡುವುದಿಲ್ಲ. ಹಳೆಯ ರಿಬ್ಬನ್ ಮೈಕ್ ಕೈಗೆ ಬಂದರೆ ಮಾತ್ರ ಆ ಗುಂಡಿಯಿಂದ ದೂರವಿರಿ.

ಇಷ್ಟು ತಿಳಿದರೆ ಕೆಲವು ಮೋಸಗಳು ತಾವಾಗಿ ಕಾಣುತ್ತವೆ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಕೆಲವು ‘ಸ್ಟುಡಿಯೋ ಕಿಟ್’ಗಳಲ್ಲಿ ದಪ್ಪ ಮೈಕಿನ ಜೊತೆ, ಇನ್ನೊಂದು ತುದಿಯಲ್ಲಿ ಹೆಡ್‌ಫೋನ್ ಪಿನ್ ಇರುವ ಕೇಬಲ್ ಕೊಡುತ್ತಾರೆ. ಲ್ಯಾಪ್‌ಟಾಪಿನ ಆ ತೂತಿನಿಂದ ಬರುವುದು ಕೆಲವೇ ವೋಲ್ಟ್. ನಿಜವಾಗಿ 48 ವೋಲ್ಟ್ ಬೇಡುವ ಮೈಕ್ ಅದರಲ್ಲಿ ಒಂದೋ ಮಾತನಾಡುವುದಿಲ್ಲ, ಇಲ್ಲವೇ ಕ್ಷೀಣವಾಗಿ ಕರಕರ ಅನ್ನುತ್ತದೆ. ಇನ್ನೊಂದು ತೊಂದರೆ ಇಂಟರ್‌ಫೇಸಿನ ಕಾಂಬೋ ಸಾಕೆಟ್ಟಿನದು. ಮೂರು ಪಿನ್ನಿನ ಪ್ಲಗ್ಗೂ ಗಿಟಾರ್ ಪ್ಲಗ್ಗೂ ಅದೇ ಸಾಕೆಟ್ಟಿಗೆ ಹೋಗುತ್ತವೆ, ಆದರೆ ನಡುವಿನ ಗಿಟಾರ್ ತೂತಿಗೆ ಸಾಮಾನ್ಯವಾಗಿ 48 ವೋಲ್ಟ್ ಬರುವುದಿಲ್ಲ. ಆದ್ದರಿಂದ ಎರಡೂ ತುದಿಯಲ್ಲಿ ಎಕ್ಸ್‌ಎಲ್‌ಆರ್ ಇರುವ ಕೇಬಲ್ಲನ್ನೇ ಕೊಳ್ಳಿ. ವೋಲ್ಟೇಜ್ ಬಗ್ಗೆ ಅನುಮಾನವಿದ್ದರೆ ಮಲ್ಟಿಮೀಟರಿದೆ: ಮೈಕ್ ಹಾಕುವ ತುದಿಯಲ್ಲಿ ಒಂದನೆಯ ಪಿನ್ನಿಗೂ ಎರಡನೆಯದಕ್ಕೂ, ಆಮೇಲೆ ಒಂದಕ್ಕೂ ಮೂರಕ್ಕೂ ಅಳೆಯಿರಿ. ಎರಡೂ ಕಡೆ 44ರಿಂದ 52ರೊಳಗೆ, ಸಮನಾಗಿ ಬರಬೇಕು. ಒಂದು ಕಡೆ ಏನೂ ಬರದಿದ್ದರೆ ಒಳಗೆ ತಂತಿ ಕಡಿದಿದೆ.

ಇನ್ನು ಗೇನ್. ಮನೆಯಲ್ಲಿ ಕಥೆ ಓದಿ ರೆಕಾರ್ಡ್ ಮಾಡುತ್ತೀರಿ ಎಂದುಕೊಳ್ಳೋಣ. ಸಾಧಾರಣ ಕಂಡೆನ್ಸರ್ ಮೈಕನ್ನು ಬಾಯಿಂದ ಒಂದು ಗೇಣು ದೂರದಲ್ಲಿಟ್ಟರೆ ಏರುದನಿಯ ಅಕ್ಷರಗಳಲ್ಲಿ ಸುಮಾರು 10 ಮಿಲಿವೋಲ್ಟ್ ಸಿಗುತ್ತದೆ. ಇಂಟರ್‌ಫೇಸಿನ ಮಿತಿ 2 ವೋಲ್ಟ್ ಇರಲಿ. ಅದನ್ನು ಮುಟ್ಟಿದರೆ ಸಾಫ್ಟ್‌ವೇರಿನ ಮೀಟರ್ ಸೊನ್ನೆ ತೋರಿಸುತ್ತದೆ, ದಾಟಿದರೆ ಅಲೆಯ ತಲೆ ಕತ್ತರಿಸಿ ಹೋಗುತ್ತದೆ. ಗೇನ್ ತಿರುವಿ 34 ಡೆಸಿಬೆಲ್ಲಿಗೆ ತಂದರೆ ಸಿಗ್ನಲ್ 50 ಪಟ್ಟಾಗುತ್ತದೆ, ಅಂದರೆ ಅರ್ಧ ವೋಲ್ಟ್. ಅದು ಮಿತಿಯ ಕಾಲು ಭಾಗ, ಮೀಟರಿನಲ್ಲಿ ಮೈನಸ್ 12. ಸೂಜಿ ಅಲ್ಲಿ ಕುಣಿಯುತ್ತಿದ್ದರೆ ಸಾಕು. ಅದೇ ಜಾಗದಲ್ಲಿ ಡೈನಮಿಕ್ ಮೈಕ್ ಇದ್ದಿದ್ದರೆ ಸಿಗ್ನಲ್ ಹತ್ತನೇ ಒಂದು ಭಾಗ ಬರುತ್ತಿತ್ತು, ಗೇನ್ 54ಕ್ಕೆ ಏರಿಸಬೇಕಾಗುತ್ತಿತ್ತು. ಅಗ್ಗದ ಇಂಟರ್‌ಫೇಸುಗಳಲ್ಲಿ ಅದು ಗುಂಡಿ ತಿರುಗುವ ಕೊನೆಯ ಹತ್ತಿರ.

ಮೀಟರನ್ನು ಕೆಂಪಿನ ಅಂಚಿಗೆ ಒತ್ತುವ ಅಭ್ಯಾಸ ಟೇಪಿನ ಕಾಲದ್ದು. ಟೇಪಿಗೆ ತನ್ನದೇ ಸರಸರ ಸದ್ದಿತ್ತು, ಅದನ್ನು ಮುಳುಗಿಸಲು ಜೋರಾಗಿ ತುಂಬುತ್ತಿದ್ದರು. ಈಗಿನ 24 ಬಿಟ್ ರೆಕಾರ್ಡಿಂಗಿನಲ್ಲಿ ಮೈನಸ್ 12ಕ್ಕೆ ನಿಲ್ಲಿಸಿದರೆ ಕಳೆದುಕೊಳ್ಳುವುದೇನೂ ಇಲ್ಲ, ಸದ್ದು ಕಡಿಮೆ ಎನಿಸಿದರೆ ಆಮೇಲೆ ಏರಿಸಿಕೊಳ್ಳಬಹುದು. ಆದರೆ ಗೇನ್ ಹೆಚ್ಚಾಗಿ ಕತ್ತರಿಸಿದ ಅಲೆಯನ್ನು ಸಾಫ್ಟ್‌ವೇರಿನ ಸ್ಲೈಡರ್ ಇಳಿಸಿ ಮರಳಿ ತರಲಾಗದು, ಒಡಕು ದನಿ ಮೆಲ್ಲಗೆ ಕೇಳುತ್ತದೆ ಅಷ್ಟೇ. ಓದಿಗೆ ಹೊಂದಿಸಿದ ಗೇನಿನಲ್ಲೇ ತಾರಸ್ಥಾಯಿಗೆ ಏರುವ ಹಾಡು ಹಾಡಿದರೆ ಆಗುವುದು ಇದೇ. ಹಾಡುವವರು ಅತಿ ಏರುವ ಸಾಲನ್ನು ಮೊದಲು ಹಾಡಿಸಿ ಗೇನ್ ಹೊಂದಿಸಿಕೊಳ್ಳಬೇಕು.

ಗದ್ದಲ ಹೆಚ್ಚೆಂದು ಗೇನ್ ತಿರುವುವುದರಿಂದಲೂ ಪ್ರಯೋಜನವಿಲ್ಲ. ಮೈಕಿಗೆ ಒಮ್ಮೆ ಹೊಕ್ಕ ಫ್ಯಾನಿನ ಸದ್ದೂ ಮಾತೂ ಒಟ್ಟಿಗೇ ಏರಿಳಿಯುತ್ತವೆ. ದೂರವನ್ನು ಅರ್ಧಕ್ಕಿಳಿಸಿದರೆ ಮಾತು 6 ಡೆಸಿಬೆಲ್ ಏರುತ್ತದೆ, ಫ್ಯಾನ್ ಏರುವುದಿಲ್ಲ. ಮಾತು ಕೊಂಚ ಗುಡುಗಿದಂತಾಗುತ್ತದೆ, ಅದನ್ನು ಸಹಿಸಬಹುದು.

ಸರಿಯಾದ ಕೇಬಲ್, ಸರಿಯಾದ ಗೇನ್ ಇದ್ದೂ ಗುಂಯ್ ಅನ್ನುತ್ತಿದ್ದರೆ ಮೊದಲು ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ನೋಡಿ. ಸದ್ದು ನಿಂತರೆ ಅದು ಯುಎಸ್‌ಬಿ ದಾರಿಯಲ್ಲಿ ಬರುತ್ತಿದೆ, ಮೈಕ್ ಕೇಬಲ್ ಬದಲಿಸಿ ಫಲವಿಲ್ಲ. ನಿಲ್ಲದಿದ್ದರೆ ಫ್ಯಾನ್ ಆರಿಸಿ. ಗುಂಡಿಯನ್ನು ನುಣ್ಣಗೆ ತಿರುಗಿಸುವ ಎಲೆಕ್ಟ್ರಾನಿಕ್ ರೆಗ್ಯುಲೇಟರುಗಳು ವಯರಿಂಗಿಗೆ ಗದ್ದಲ ತುಂಬುತ್ತವೆ, ಹೆಜ್ಜೆ ಹೆಜ್ಜೆಯಾಗಿ ತಿರುಗುವ ಬಗೆ ಅಷ್ಟು ಕಾಡುವುದಿಲ್ಲ. ಸದ್ದು ನಿಲ್ಲುತ್ತದೆಂದು ಕೆಲವರು ಪ್ಲಗ್ಗಿನ ಅರ್ಥಿಂಗ್ ಪಿನ್ನನ್ನೇ ತೆಗೆದುಬಿಡುತ್ತಾರೆ. ಅದು ಬೇಡ, ಆ ಪಿನ್ ಇರುವುದು ಶಾಕಿನಿಂದ ಜೀವ ಉಳಿಸಲು.