ಮೊದಲ ದಿನಕ್ಕೆ ಒಂದು ಎಲ್‌ಇಡಿ, ಒಂದು ಗುಂಡಿ ಸಾಕು

ಬೀದರ್‌ನಲ್ಲಿ ಗುರು ನಾನಕ್ ದೇವ್ ಎಂಜಿನಿಯರಿಂಗ್ ಕಾಲೇಜು, ಭಾಲ್ಕಿಯಲ್ಲಿ ಭೀಮಣ್ಣ ಖಂಡ್ರೆ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಇವೆ. ಇಂಥ ಕಾಲೇಜಿನ ವಿದ್ಯಾರ್ಥಿ ಸಂಘವೊಂದು ಮೈಕ್ರೊಕಂಟ್ರೋಲರ್ ಬೋರ್ಡಿನ ಮೊದಲ ಕಾರ್ಯಾಗಾರಕ್ಕೆ ಪ್ರಕಟಣೆ ಬರೆಯುವಾಗ ‘ಸಿ ಭಾಷೆ ಗೊತ್ತಿರಬೇಕು’ ಎಂದು ಷರತ್ತು ಹಾಕಿದರೆ, ಬಗದಲ್, ಔರಾದ್ ಕಡೆಯಿಂದ ಬರುವ ಮೊದಲ ವರ್ಷದವರು ಅಲ್ಲೇ ಹಿಂದೆ ಸರಿಯುತ್ತಾರೆ. ಆದರೆ ಮೊದಲ ದಿನ ಬೇಕಾಗುವುದು ಹತ್ತನೇ ತರಗತಿಯ ಓಮ್ ನಿಯಮ. ಆರ್ಡುಯಿನೊ ಊನೊ R3 ಬೋರ್ಡಿನ ಪಿನ್ನು 5 ವೋಲ್ಟ್ ಕೊಡುತ್ತದೆ. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ತೆಗೆದುಕೊಳ್ಳುತ್ತದೆ. ಉಳಿದ 3 ವೋಲ್ಟನ್ನು 220 ಓಮ್ ರೆಸಿಸ್ಟರ್ ಹೊತ್ತರೆ ಹರಿಯುವ ಕರೆಂಟು ಸುಮಾರು 14 ಮಿಲಿಆಂಪ್. ಪಿನ್ನಿಗೆ 20 ಮಿಲಿಆಂಪ್‌ವರೆಗೆ ಕ್ಷೇಮ, 40 ದಾಟಿದರೆ ಅಪಾಯ. ರೆಸಿಸ್ಟರ್ ಮರೆತವರು ಎಲ್‌ಇಡಿಯನ್ನೋ ಪಿನ್ನನ್ನೋ ಕಳೆದುಕೊಳ್ಳಬಹುದು. ಈ ಲೆಕ್ಕ ಬಂದವರಿಗೆ ಎಲ್‌ಇಡಿ ಮಿನುಗಿಸುವ ನಾಲ್ಕಾರು ಸಾಲಿನ ಪ್ರೋಗ್ರಾಮ್ ಅಲ್ಲೇ ಕಲಿಸಬಹುದು.

ದಿನವಿಡೀ ಇಷ್ಟೇ ಕಲಿಸಿದರೆ ಸಮಯ ವ್ಯರ್ಥವಲ್ಲವೇ ಎಂದು ಕೇಳುವವರಿದ್ದಾರೆ. ಗುಂಡಿ ಜೋಡಿಸಿದಾಗ ಇದಕ್ಕೆ ಉತ್ತರ ಸಿಗುತ್ತದೆ. ಗುಂಡಿಯ ಒಂದು ಕಾಲನ್ನು 2ನೇ ಪಿನ್ನಿಗೂ ಇನ್ನೊಂದನ್ನು ಗ್ರೌಂಡಿಗೂ ಸೇರಿಸಿ, ಪಿನ್ನನ್ನು ಬರೀ INPUT ಎಂದು ಘೋಷಿಸಿದರೆ, ಒತ್ತದಿದ್ದಾಗಲೂ ದೀಪ ಮನಬಂದಂತೆ ಮಿನುಗುತ್ತದೆ. ತಂತಿಯ ಹತ್ತಿರ ಕೈ ತಂದರೂ ಬದಲಾಗುತ್ತದೆ. ಯಾವ ವೋಲ್ಟೇಜಿಗೂ ಕಟ್ಟುಬೀಳದ ಪಿನ್ನು ಸುತ್ತಲಿನ ವಿದ್ಯುತ್ ಗದ್ದಲವನ್ನೇ ಓದುತ್ತಿರುತ್ತದೆ. ಪರಿಹಾರ ಒಂದೇ ಸಾಲು:

```
pinMode(2, INPUT_PULLUP);
```

ಇದು ಚಿಪ್ಪಿನೊಳಗಿನ ರೆಸಿಸ್ಟರ್ ಮೂಲಕ ಪಿನ್ನನ್ನು 5 ವೋಲ್ಟಿಗೆ ಎಳೆದು ಹಿಡಿಯುತ್ತದೆ. ಆಗ ಒತ್ತದಿದ್ದರೆ HIGH, ಒತ್ತಿದರೆ LOW. ಕಂಪ್ಯೂಟರಿನ ಸಿಮ್ಯುಲೇಟರ್ ಸಾಲದೇ ಎಂಬ ಆಕ್ಷೇಪವೂ ಇದೆ. ಪ್ರೋಗ್ರಾಮಿನ ತಪ್ಪು ಹುಡುಕಲು ಅದು ನಿಜಕ್ಕೂ ಒಳ್ಳೆಯದು. ಆದರೆ ಸಡಿಲ ತಂತಿ, ಕೈ ತಂದರೆ ಬದಲಾಗುವ ಪಿನ್ನು ಅಲ್ಲಿ ಎದುರಾಗುವುದಿಲ್ಲ. ಮುಂದೆ ಹೊಲದ ತೇವ ಅಳೆಯುವ ಯಂತ್ರ ಮಾಡಹೊರಟವರಿಗೆ ಅಡ್ಡ ಬರುವುದು ಇಂಥವೇ.

ಆದ್ದರಿಂದ ವೇಳಾಪಟ್ಟಿ ಹೀಗಿದ್ದರೆ ಒಳಿತು: ಬೆಳಿಗ್ಗೆ 10ರಿಂದ 11 ಓಮ್ ನಿಯಮ ಮತ್ತು ಮಲ್ಟಿಮೀಟರ್; 11ರಿಂದ 1 ಎಲ್‌ಇಡಿ; ಊಟದ ನಂತರ 2ರಿಂದ 4 ಗುಂಡಿ. ನಾಲ್ಕಕ್ಕೆ ಮುಗಿಸಿದರೆ ಊರಿನ ಬಸ್ಸು ತಪ್ಪುವ ಆತಂಕದಲ್ಲಿ ಯಾರೂ ಅರ್ಧಕ್ಕೆ ಏಳಬೇಕಿಲ್ಲ. ತರಬೇಕಾದದ್ದು ಇಬ್ಬರಿಗೊಂದು ಲ್ಯಾಪ್‌ಟಾಪ್ ಮತ್ತು ಡೇಟಾ ಹೋಗುವ ಯುಎಸ್‌ಬಿ ಕೇಬಲ್. ಬರೀ ಚಾರ್ಜಿಂಗ್ ಕೇಬಲ್ ಆದರೆ ಬೋರ್ಡಿನ ದೀಪ ಹತ್ತುತ್ತದೆ, ಆದರೆ Tools ಮೆನುವಿನ Port ಪಟ್ಟಿಯಲ್ಲಿ ಬೋರ್ಡು ಕಾಣುವುದಿಲ್ಲ. ಕೇಬಲ್ ಸರಿಯಿದ್ದೂ ಕಾಣದಿದ್ದರೆ, ಅಗ್ಗದ ಬೋರ್ಡುಗಳಲ್ಲಿರುವ CH340 ಚಿಪ್ಪಿನ ಡ್ರೈವರ್ ಬೇಕಿರಬಹುದು. ಅದನ್ನು ಹಿಂದಿನ ದಿನವೇ ಹಾಕಿಕೊಂಡು ಬರಲಿ. ‘ಪ್ರೋಗ್ರಾಮಿಂಗ್ ಗೊತ್ತಿಲ್ಲದವರೂ ಬರಬಹುದು’ ಎಂಬ ಸಾಲು ಪ್ರಕಟಣೆಯ ಮೇಲ್ಭಾಗದಲ್ಲೇ ಇರಲಿ.