ಮೂರು ಸುರುಳಿ, ಒಂದು ಋಣ ಕವಲು

220/66/11 ಕಿಲೋವೋಲ್ಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ ಮೂರು ಸುರುಳಿಗಳಿವೆ. ಪ್ರತಿ ಸುರುಳಿಯ ಇಂಪಿಡೆನ್ಸನ್ನು ಬಿಡಿಯಾಗಿ ಅಳೆಯಲಾಗದು. ಒಂದನ್ನು ಶಾರ್ಟ್ ಮಾಡಿ, ಇನ್ನೊಂದಕ್ಕೆ ವೋಲ್ಟೇಜ್ ಕೊಟ್ಟು, ಮೂರನೆಯದನ್ನು ತೆರೆದಿಟ್ಟರೆ ಸಿಗುವುದು ಜೋಡಿಯ ಲೆಕ್ಕ ಮಾತ್ರ.

ಉದಾಹರಣೆಗೆ 220–66 ಜೋಡಿಗೆ 10%, 66–11ಕ್ಕೆ 6%, 220–11ಕ್ಕೆ 18% ಎನ್ನೋಣ. ಇವನ್ನು ಒಂದೇ ಬಿಂದುವಿನಲ್ಲಿ ಕೂಡುವ ಮೂರು ಕವಲುಗಳ ನಕ್ಷತ್ರವಾಗಿ ಬಿಡಿಸಬಹುದು. ಒಂದು ಕವಲು ಬೇಕಿದ್ದರೆ ಅದು ಸೇರಿರುವ ಎರಡು ಜೋಡಿಗಳನ್ನು ಕೂಡಿ, ಮೂರನೆಯದನ್ನು ಕಳೆದು, ಅರ್ಧ ಮಾಡಿ. 220ರ ಕವಲು 11%, 11ರದು 7%. 66ರದು (10+6−18)/2, ಅಂದರೆ −1%!

ಕಾರಣ ಸುರುಳಿಗಳ ಜಾಗದಲ್ಲಿದೆ. ಕೋರ್‌ಗೆ ಅಂಟಿದಂತೆ 11, ಹೊರಗೆ 220, ನಡುವೆ 66. ಹೊರ–ಒಳ ಜೋಡಿಯ ಸೋರಿಕೆ ಕಾಂತಪ್ರವಾಹಕ್ಕೆ ಎರಡೂ ಸಂದುಗಳ ಜತೆಗೆ ನಡುವಿನ ಸುರುಳಿಯ ಇಡೀ ದಪ್ಪವೂ ದಾರಿಯಾಗುತ್ತದೆ. ಹಾಗಾಗಿ 18, 10+6ನ್ನು ಮೀರುತ್ತದೆ.

ಇದು ಕೆಪಾಸಿಟರ್ ಅಲ್ಲ; ನಕ್ಷತ್ರದ ನಡುಬಿಂದು ಟ್ಯಾಂಕಿನೊಳಗೆ ಎಲ್ಲೂ ಇಲ್ಲ. ಯಾವ ಜೋಡಿಯನ್ನು ಕೂಡಿದರೂ ಮೊತ್ತ ಧನವೇ. ಆದರೆ ಋಣ ಚಿಹ್ನೆ ಕಂಡಾಗ ಮೊದಲು ನಾಮಫಲಕ ನೋಡಿ: ಮೂರೂ ಶೇಕಡಾಗಳು ಒಂದೇ ಎಂವಿಎ ಆಧಾರದಲ್ಲಿ ಇರದಿದ್ದರೆ ಆ ಲೆಕ್ಕವೇ ಸುಳ್ಳು.